ಮೊದಲು ಗೋಡೆ, ಆಮೇಲೆ ಕಿಂಡಿ: ಮೌನದ ಕೋಣೆಯೊಂದಕ್ಕೆ ಬೆಳಕು ತರುವ ಬಗೆ

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆಯಿದೆ. ಪೂರ್ವದಿಂದ ಪಶ್ಚಿಮಕ್ಕೆ 12 ಅಡಿ, ಉತ್ತರದಿಂದ ದಕ್ಷಿಣಕ್ಕೆ 10 ಅಡಿ. ಪಶ್ಚಿಮದ ಗೋಡೆಯ ನಟ್ಟನಡುವೆ 5 ಅಡಿ ಅಗಲ, 4 ಅಡಿ ಎತ್ತರದ ಗಾಜಿನ ಕಿಟಕಿ ಇತ್ತು. ಅಪ್ಪ ಅಲ್ಲಿ ಓದಬೇಕು, ಅಮ್ಮ ಬೆಳಗ್ಗೆ ಸಂಜೆ ಸುಮ್ಮನೆ ಕುಳಿತುಕೊಳ್ಳಬೇಕು ಎಂದು ಆ ಕೋಣೆಯನ್ನು ಖಾಲಿ ಮಾಡಿಕೊಟ್ಟೆವು. ಇಬ್ಬರೂ ಅಲ್ಲಿ ನಿಲ್ಲಲಿಲ್ಲ. ಅಪ್ಪ ಹತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿ ಕೆಳಗೆ ಬರುತ್ತಿದ್ದರು. ಬೆಳಕು ಹೆಚ್ಚಾಯಿತೆಂದು ದಪ್ಪ ಪರದೆ ಹಾಕಿದೆವು. ಆಗ ಕೋಣೆ ಮಂಕಾಯಿತು, ಹಗಲಿನಲ್ಲೇ ಟ್ಯೂಬ್‌ಲೈಟ್ ಹಚ್ಚಬೇಕಾಯಿತು.

ಮನೆಗಳ ಒಳಾಂಗಣದ ಕೆಲಸ ಮಾಡುವ ನನಗೂ ಇದರ ಕಾರಣ ಹೊಳೆಯಲು ಸಮಯ ಹಿಡಿಯಿತು. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಒಂದು ಮಧ್ಯಾಹ್ನ ನೋಡಿದೆ. ಫೋನನ್ನು ಕಿಟಕಿಯತ್ತ ತಿರುಗಿಸಿದರೆ ಎರಡು ಸಾವಿರ ಲಕ್ಸ್ ದಾಟುತ್ತಿತ್ತು. ಅದೇ ಕಿಟಕಿಯ ಪಕ್ಕದ ಗೋಡೆಗೆ ಒತ್ತಿ ಹಿಡಿದರೆ ನೂರೂ ಇರಲಿಲ್ಲ. ಕೋಣೆಯಲ್ಲಿ ಬೆಳಕು ಅತಿಯಾಗಿರಲಿಲ್ಲ. ಉರಿಯುವ ಆಕಾಶದ ತುಂಡೊಂದು ಮಬ್ಬು ಗೋಡೆಯ ಮಧ್ಯೆ ನಿಂತು ಕಣ್ಣನ್ನು ಕೋರೈಸುತ್ತಿತ್ತು. ಕಣ್ಣು ಅದಕ್ಕೆ ಹೊಂದಿಕೊಂಡರೆ ಉಳಿದ ಕೋಣೆ ಕಪ್ಪಾಗಿ ಕಾಣುತ್ತದೆ. ಕೋಣೆಗೆ ಹೊಂದಿಕೊಳ್ಳಲು ಹೋದರೆ ಕಿಟಕಿ ಚುಚ್ಚುತ್ತದೆ. ಹೀಗೆ ಹಿಂದುಮುಂದಾಗುವ ಕಣ್ಣಿರುವಾಗ ಮನಸ್ಸು ಒಂದೆಡೆ ಕೂರುವುದಿಲ್ಲ.

ಹಾಗಾಗಿ ಈ ಕೆಲಸದಲ್ಲಿ ನಾನು ಹಿಡಿದುಕೊಂಡಿರುವ ಸೂತ್ರ ಒಂದೇ. ಕೂತವರಿಗೆ ಬೆಳಕು ಬಿದ್ದ ಗೋಡೆ ಕಾಣಬೇಕು, ಬೆಳಕು ಬರುವ ಬಾಯಿ ಕಾಣಬಾರದು. ಅದಕ್ಕೇ ಮೊದಲು ಗೋಡೆಯನ್ನು ಆರಿಸಬೇಕು, ಆಮೇಲೆ ಕಿಂಡಿಯನ್ನು. ಆ ಕೋಣೆಯನ್ನು ಬದಲಿಸಿದ ಕ್ರಮವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಒಂದು ದಿನ ಪೂರ್ತಿ ಕೋಣೆಯಲ್ಲಿ ಕುಳಿತುಕೊಳ್ಳಿ

ಒಂದು ಸೀಮೆಸುಣ್ಣ, ಒಂದು ಗಡಿಯಾರ ಸಾಕು. ಬೆಳಗ್ಗೆ ಏಳಕ್ಕೆ, ಒಂಬತ್ತಕ್ಕೆ, ನಡುಹಗಲಿಗೆ, ಮೂರಕ್ಕೆ, ಐದೂವರೆಗೆ ಬಿಸಿಲು ಎಲ್ಲಿ ಬಿದ್ದಿದೆಯೋ ಅದರ ಅಂಚನ್ನು ನೆಲದ ಮೇಲೋ ಗೋಡೆಯ ಮೇಲೋ ಗುರುತು ಮಾಡಿ, ಪಕ್ಕದಲ್ಲಿ ಹೊತ್ತು ಬರೆಯಿರಿ. ಒಳಗೆ ಬಂದ ಕೂಡಲೇ ಏನನ್ನೂ ತೀರ್ಮಾನಿಸಬೇಡಿ, ಕಣ್ಣಿಗೆ ಹತ್ತು ನಿಮಿಷ ಕೊಡಿ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ನಡುಹಗಲಿನಲ್ಲಿ ಹೋದವರಿಗೆ ಇದು ಗೊತ್ತಿರುತ್ತದೆ. ಹೊರಗಿನ ಬಿಸಿಲಿನಿಂದ ನವರಂಗಕ್ಕೆ ಕಾಲಿಟ್ಟಾಗ ಮೊದಲು ಬರೀ ಕತ್ತಲು. ಸ್ವಲ್ಪ ಹೊತ್ತಿಗೆ ಜಾಲಂಧ್ರಗಳಿಂದ ಬರುವ ಬೆಳಕು ಕಣ್ಣಿಗೆ ದಕ್ಕತೊಡಗುತ್ತದೆ. ಆಮೇಲೆ ಕಡೆದು ನುಣುಪು ಮಾಡಿದ ಬಳಪದ ಕಲ್ಲಿನ ಕಂಬಗಳ ಮೇಲೆ ಉದ್ದುದ್ದಕ್ಕೆ ತೆಳುವಾದ ಹೊಳಪಿನ ಗೆರೆಗಳು ಏಳುತ್ತವೆ. ಬೆಳಕು ಅಷ್ಟೇ ಇತ್ತು, ಕಣ್ಣು ತೆರೆದುಕೊಂಡಿತು. ಆಕಾಶ ನೇರವಾಗಿ ಕಣ್ಣಿಗೆ ಹೊಡೆಯದಿದ್ದರೆ ಐವತ್ತು ಲಕ್ಸ್‌ನ ಕೋಣೆಯೂ ಹಿತವಾಗಿ ಕಾಣುತ್ತದೆ ಎನ್ನುವುದು ಇದೇ ಕಾರಣಕ್ಕೆ.

ಹೆಜ್ಜೆ 2: ಕೂರುವ ಜಾಗ, ನೋಡುವ ಗೋಡೆ

ಈಗ ಕುರ್ಚಿ ಅಥವಾ ಚಾಪೆ ಹಾಕಿ. ಯಾವ ಕಡೆ ಮುಖ ಮಾಡಿ ಕೂರುತ್ತೀರಿ? ತಲೆ ಎತ್ತಿದಾಗ ಕಣ್ಣು ಯಾವ ಗೋಡೆಗೆ ತಾಗುತ್ತದೆ? ಆ ಗೋಡೆಯೇ ನಿಮ್ಮ ಬೆಳಕಿನ ಗೋಡೆ. ನಮ್ಮ ಕೋಣೆಯಲ್ಲಿ ಅದು ಪೂರ್ವದ ಗೋಡೆಯಾಯಿತು. ಅದು ಪಕ್ಕದ ಕೋಣೆಗೂ ಇದಕ್ಕೂ ನಡುವಿನ ನಾಲ್ಕೂವರೆ ಇಂಚಿನ ಅಡ್ಡಗೋಡೆ. ಅದರಲ್ಲಿ ಬಾಗಿಲಿಲ್ಲ, ಕಪಾಟಿಲ್ಲ, ಗೂಡಿಲ್ಲ. ಇಂಥ ಬರಿಯ ಗೋಡೆಯೊಂದು ಸಿಗುವುದೇ ಕಷ್ಟ, ಸಿಕ್ಕರೆ ಅದರ ಮೇಲೆ ಕ್ಯಾಲೆಂಡರನ್ನೂ ತೂಗುಹಾಕಬೇಡಿ.

ಒಂದೇ ಗೋಡೆ ಸಾಕು. ಮೂರು ಕಡೆಯಿಂದ ಬೆಳಕು ಬಂದರೆ ನೆರಳುಗಳು ಒಂದನ್ನೊಂದು ಅಳಿಸುತ್ತವೆ, ಕೋಣೆ ಸಪಾಟಾಗುತ್ತದೆ. ಅಡುಗೆಮನೆಗೆ ಅದು ಒಳ್ಳೆಯದು, ಇಲ್ಲಿಗೆ ಬೇಡ.

ಹೆಜ್ಜೆ 3: ದಿಕ್ಕು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನ ತಪ್ಪುಗಳು ಇಲ್ಲೇ ಆಗುತ್ತವೆ. ಉತ್ತರದ ಕಿಟಕಿಗೆ ಎಂದೂ ಬಿಸಿಲು ಬರುವುದಿಲ್ಲ, ದಕ್ಷಿಣದ್ದು ಸದಾ ಬಿಸಿಲು ಎನ್ನುವ ಮಾತು ಯೂರೋಪಿನಲ್ಲಿ ಬಹುಪಾಲು ನಿಜ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 22ರ ಆಸುಪಾಸಿನಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೆ ಬರುತ್ತಾನೆ, ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಉತ್ತರಕ್ಕೆ ಸರಿದವನು ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 20ರ ಸುಮಾರಿಗೆ. ಈ ನಾಲ್ಕು ತಿಂಗಳು ದಕ್ಷಿಣದ ಗೋಡೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಅದೇ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬೆಳಗ್ಗೆ ಸಂಜೆ ಓರೆ ಬಿಸಿಲು ಬರುತ್ತದೆ.

ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ. 21ರ ಆಚೀಚೆ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ದಕ್ಷಿಣದ ಕಿಂಡಿಯಿಂದ ಬಿಸಿಲುಕೋಲು ಕೋಣೆಯೊಳಗೆ ದೂರದವರೆಗೆ ಚಾಚುತ್ತದೆ. ಬೇಸಿಗೆಯಲ್ಲಿ ಬರೀ ತಂಪು ಬೆಳಕು, ಚಳಿಗಾಲದಲ್ಲಿ ಎಳೆಬಿಸಿಲಿನಂಥ ಬಿಸಿಲು! ಈ ಕೊಡುಗೆ ನಮ್ಮ ನಾಡಿನಲ್ಲಿ ದಕ್ಷಿಣ ದಿಕ್ಕಿಗೆ ಮಾತ್ರ ಇದೆ. ಪಶ್ಚಿಮಕ್ಕೆ ಅದಿಲ್ಲ. ಸಂಜೆ ನಾಲ್ಕರ ನಂತರ ಸೂರ್ಯ ಎಷ್ಟು ತಗ್ಗುತ್ತಾನೆಂದರೆ ಸಜ್ಜಾ ಎಷ್ಟು ಉದ್ದ ಚಾಚಿದರೂ ತಡೆಯಲಾಗುವುದಿಲ್ಲ, ಏಪ್ರಿಲಿನಲ್ಲಿ ಕೋಣೆ ಕಾದ ಹೆಂಚಾಗುತ್ತದೆ. ಪೂರ್ವದ ಕಿಂಡಿ ಬೆಳಗ್ಗೆ ಕೂರುವವರಿಗೆ ಚೆನ್ನ, ಒಂಬತ್ತರ ನಂತರ ಅದರ ಕತೆ ಮುಗಿಯುತ್ತದೆ.

ದಿಕ್ಕನ್ನೂ ದಿನವನ್ನೂ ಲೆಕ್ಕ ಹಿಡಿದು ಬೆಳಕು ತಂದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಗವಿ ಗಂಗಾಧರೇಶ್ವರದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೋಡುಗಳ ನಡುವಿನಿಂದ ಹಾದು ಲಿಂಗವನ್ನು ತಲುಪುತ್ತದೆ. ಡಿಸೆಂಬರಿನ ತುದಿಗೆ ಹೋಗುವಾಗಲೂ ಅಲ್ಲಿಂದ ಮರಳುವಾಗಲೂ ಸೂರ್ಯ ಅದೇ ಹಾದಿಯಲ್ಲಿ ಸಾಗುವುದರಿಂದ ನವೆಂಬರ್ ಕೊನೆಯಲ್ಲೂ ಬಿಸಿಲು ಇದೇ ಓರೆಯಲ್ಲಿ ಬರುತ್ತದೆ. ನಿಮ್ಮ ಕೋಣೆಯಲ್ಲಿಯೂ ಜನವರಿ ಮಧ್ಯದಲ್ಲಿ ಕಂಡದ್ದನ್ನು ನವೆಂಬರಿನ ಕೊನೆಯ ವಾರದಲ್ಲಿ ಮತ್ತೆ ಕಾಣುತ್ತೀರಿ.

ಹೆಜ್ಜೆ 4: ಕಿಂಡಿಯ ಜಾಗ ಮತ್ತು ಅಳತೆ

ಬೆಳಕಿನ ಗೋಡೆ ಪೂರ್ವದ್ದು, ದಿಕ್ಕು ದಕ್ಷಿಣ. ಹಾಗಾದರೆ ಕಿಂಡಿ ದಕ್ಷಿಣದ ಗೋಡೆಯ ಪೂರ್ವದ ತುದಿಯಲ್ಲಿ, ಅಡ್ಡಗೋಡೆಗೆ ಅಂಟಿಕೊಂಡೇ ಇರಬೇಕು. ನಾವು ತೆರೆದದ್ದು 1 ಅಡಿ ಅಗಲದ, ನೆಲದಿಂದ ತೊಲೆಯ ತಳದವರೆಗೆ ಎಂಟೂವರೆ ಅಡಿ ಎತ್ತರದ ಒಂದೇ ಒಂದು ಸೀಳು. ಗೋಡೆಯ ನಡುಭಾಗದಲ್ಲಿದ್ದರೆ ಇದೇ ಸೀಳು ಕಪ್ಪಿನ ನಡುವೆ ಬೆಳ್ಳಗಿನ ಬರೆಯಾಗುತ್ತಿತ್ತು. ಮೂಲೆಗೆ ಸರಿದಾಗ ಅದರ ಒಂದು ಅಂಚೇ ಗೋಡೆಯಾಗುತ್ತದೆ. ಬೆಳಕು ಆ ಗೋಡೆಯನ್ನು ಸವರಿಕೊಂಡು ಒಳಗೆ ಬರುತ್ತದೆ, ಕಿಂಡಿಯ ಬಳಿ ಗಾಢವಾಗಿದ್ದು ದೂರ ಹೋದಂತೆ ತೆಳುವಾಗುತ್ತಾ ಮಬ್ಬಿನಲ್ಲಿ ಕರಗುತ್ತದೆ.

ಇಲ್ಲಿ ಗೋಡೆಯ ದಪ್ಪವೂ ಕೆಲಸ ಮಾಡುತ್ತದೆ. ನಮ್ಮ ಹೊರಗೋಡೆ 9 ಇಂಚು, ಕಿಂಡಿ 12 ಇಂಚು. ಕೂತವರು ಆ ಗೋಡೆಯಿಂದ 3 ಅಡಿ ಒಳಗಿದ್ದು, ಕಿಂಡಿಯ ಹತ್ತಿರದ ಅಂಚಿನಿಂದ ಪಕ್ಕಕ್ಕೆ 4 ಅಡಿಗಿಂತ ಆಚೆಗಿದ್ದರೆ ಅವರಿಗೆ ಆಕಾಶ ಕಾಣುವುದಿಲ್ಲ, ಬೆಳಗಿದ ಗೋಡೆ ಮಾತ್ರ ಕಾಣುತ್ತದೆ. 12ಕ್ಕೆ 9 ಇರುವಂತೆಯೇ 4ಕ್ಕೆ 3 ಇರುವುದನ್ನು ಗಮನಿಸಿ. ನಿಮ್ಮ ಗೋಡೆ 6 ಇಂಚಿನ ಬ್ಲಾಕಿನದಾಗಿದ್ದರೆ ಇದೇ ಪ್ರಮಾಣ ಉಳಿಸಿಕೊಳ್ಳಲು ಕಿಂಡಿಯನ್ನು 8 ಇಂಚಿಗೆ ಇಳಿಸಬೇಕು.

ಎತ್ತರದ ಬಗ್ಗೆ ಒಂದು ಮಾತು. ತಲೆಯ ಮೇಲಿನ ಗವಾಕ್ಷಿ ಛಾವಣಿಯನ್ನು ಬೆಳಗುತ್ತದೆ, ನೋಟ ಮೇಲಕ್ಕೇಳುತ್ತದೆ. ಮೊಣಕಾಲೆತ್ತರದ ಕಿಂಡಿ ನೆಲವನ್ನು ಬೆಳಗುತ್ತದೆ. ನೆಲದ ಮೇಲೆ ಕೂತವರ ಕಣ್ಣು ತಾನಾಗಿ ಇಳಿಯುತ್ತದೆ, ಜಪಕ್ಕೆ ಕೂರುವವರಿಗೆ ಇದು ಬಹಳ ಒಪ್ಪುತ್ತದೆ. ಅಪ್ಪ ಕುರ್ಚಿಯಲ್ಲಿ, ಅಮ್ಮ ಚಾಪೆಯ ಮೇಲೆ ಕೂರುವುದರಿಂದ ನಾವು ನೆಲದಿಂದ ಮೇಲಿನವರೆಗೂ ತೆರೆದೆವು.

ಒಡೆಯುವ ಮುನ್ನ ಎಂಜಿನಿಯರಿಗೆ ತೋರಿಸಿ. ನಮ್ಮದು ಕಂಬ–ತೊಲೆಗಳ ಮನೆ, ಆ ಅಡ್ಡಗೋಡೆ ಸೇರುವಲ್ಲಿ ಕಂಬವಿರಲಿಲ್ಲ, ಆದ್ದರಿಂದ ಸಾಧ್ಯವಾಯಿತು. ಗೋಡೆಗಳೇ ಭಾರ ಹೊರುವ ಹಳೆಯ ಮನೆಗಳಲ್ಲಿ ಮೂಲೆಯ ಪಕ್ಕದಲ್ಲಿ ತೆರವು ಮಾಡಬಾರದು, ಕನಿಷ್ಠ ಎರಡು ಅಡಿ ಗೋಡೆ ಉಳಿಸಲೇಬೇಕು. ಅಂಥ ಕಡೆ ಇರುವ ಕಿಟಕಿಯನ್ನೇ ಬಳಸಿಕೊಂಡು, ಬೆಳಕಿನ ಗೋಡೆಯ ಕಡೆಯ ಒಂದಡಿ ಬಿಟ್ಟು ಉಳಿದದ್ದನ್ನು ಮರದ ಕದದಿಂದ ಮುಚ್ಚಿ. ಗೋಡೆಯನ್ನು ಸವರುವ ಬೆಳಕು ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ಕಣ್ಣು ಕೋರೈಸುವುದು ನಿಲ್ಲುತ್ತದೆ.

ಹೆಜ್ಜೆ 5: ರಟ್ಟಿನಲ್ಲಿ ಕಟ್ಟಿ ನೋಡಿ

ಬೆಳಕಿನ ಒಂದು ಗುಣ ನಮಗೆ ಅನುಕೂಲಕರ. ಕಿಂಡಿ, ಗೋಡೆ, ಬಣ್ಣ ಒಂದೇ ಪ್ರಮಾಣದಲ್ಲಿದ್ದರೆ ಸಣ್ಣ ಡಬ್ಬಿಯಲ್ಲೂ ಬೆಳಕು ದೊಡ್ಡ ಕೋಣೆಯಲ್ಲಿ ಹರಡುವಂತೆಯೇ ಹರಡುತ್ತದೆ. ಒಂದು ಅಡಿಗೆ ಒಂದು ಇಂಚು ಲೆಕ್ಕ ಹಿಡಿದು ದಪ್ಪ ರಟ್ಟಿನಲ್ಲಿ ಕೋಣೆಯನ್ನು ಮಾಡಿ. ಒಳಗೆ ಬಿಳಿ ಹಾಳೆ ಅಂಟಿಸಿ, ನೆಲಕ್ಕೆ ಕಂದು ಹಾಳೆ. ಮೂಲೆಗಳಲ್ಲಿ ಬೆಳಕು ಸೋರದಂತೆ ಕಪ್ಪು ಟೇಪು ಸುತ್ತಿ. ದಕ್ಷಿಣದ ಗೋಡೆಗೆ ಮುಕ್ಕಾಲು ಇಂಚು ದಪ್ಪ ಬರುವಷ್ಟು ರಟ್ಟು ಪದರ ಹಾಕಿ. ಇದನ್ನು ಬಿಟ್ಟರೆ ಪ್ರಯೋಗ ಸುಳ್ಳು ಹೇಳುತ್ತದೆ. ಕೂರುವ ಜಾಗದ ಕಡೆಯ ಗೋಡೆಯಲ್ಲಿ, ಕೂತವರ ಕಣ್ಣಿನ ಎತ್ತರಕ್ಕೆ, ಮೊಬೈಲ್ ಕ್ಯಾಮೆರಾ ಇಣುಕುವಷ್ಟು ರಂಧ್ರ ಕೊರೆಯಿರಿ.

ಡಬ್ಬಿಯನ್ನು ತಾರಸಿಗೆ ಒಯ್ದು ದಿಕ್ಕು ಸರಿಯಾಗಿ ಇಟ್ಟು ಫೋಟೊ ತೆಗೆಯಿರಿ. ಬೇರೆ ತಿಂಗಳಿನಲ್ಲಿ ಕುಳಿತು ಡಿಸೆಂಬರಿನ ಬಿಸಿಲು ನೋಡಬೇಕೆಂದರೆ ಒಂದು ಉಪಾಯವಿದೆ. ಡಬ್ಬಿಯ ಮೇಲೆ ಉತ್ತರ–ದಕ್ಷಿಣದ ಗೆರೆ ಎಳೆದು, ಅದರ ಮೇಲೆ 5 ಸೆಂಟಿಮೀಟರ್ ಉದ್ದ ಮೇಲೆ ನಿಲ್ಲುವಂತೆ ಮೊಳೆಯೊಂದನ್ನು ನೆಟ್ಟಗೆ ಚುಚ್ಚಿ. ಮೊಳೆಯ ನೆರಳು ಆ ಗೆರೆಯ ಮೇಲೆಯೇ ಉತ್ತರಕ್ಕೆ 3.6 ಸೆಂಟಿಮೀಟರ್ ಬೀಳುವವರೆಗೆ ಡಬ್ಬಿಯನ್ನು ಓರೆ ಮಾಡಿ. ಆ ಕ್ಷಣಕ್ಕೆ ಡಬ್ಬಿಯೊಳಗೆ ಮೈಸೂರಿನ ಡಿಸೆಂಬರ್ 21ರ ನಡುಹಗಲು ಇರುತ್ತದೆ. ನೆರಳೇ ಇಲ್ಲದಂತೆ ಹಿಡಿದರೆ ಏಪ್ರಿಲ್ ನಾಲ್ಕನೆಯ ವಾರ.

ನಾಲ್ಕು ಅಗಲಗಳ ಕಿಂಡಿಗಳನ್ನು ಬೇರೆ ಬೇರೆ ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು ಬದಲಾಯಿಸಿ ನೋಡಿದೆವು. ಎರಡು ಅಡಿ ಅಗಲದ್ದು ಫೋಟೊದಲ್ಲಿ ಎಲ್ಲಕ್ಕಿಂತ ಬೆಳ್ಳಗಿತ್ತು, ಆದರೆ ಕೂತ ಜಾಗದಿಂದ ಆಕಾಶ ಕಂಡಿತು, ಕೈಬಿಟ್ಟೆವು. ಆರು ಇಂಚಿನದ್ದರಲ್ಲಿ ಬೆಳಕು ಗೋಡೆಯ ಕಾಲುಭಾಗವನ್ನೂ ತಲುಪಲಿಲ್ಲ.

ಹೆಜ್ಜೆ 6: ಗೋಡೆಯ ಮೈ

ನಾವು ಪೆಟ್ಟು ತಿಂದದ್ದು ಇಲ್ಲಿ. ಕಿಂಡಿ ತೆರೆದಾದ ಮೇಲೆ ಪೂರ್ವದ ಗೋಡೆಗೆ ಮಾಮೂಲಿನಂತೆ ಪುಟ್ಟಿ ಎಳೆದು ರೋಲರಿನಲ್ಲಿ ಬಿಳಿ ಬಣ್ಣ ಹೊಡೆಸಿದೆವು. ಟ್ಯೂಬ್‌ಲೈಟಿನಲ್ಲಿ ಕನ್ನಡಿಯಂತಿದ್ದ ಆ ಗೋಡೆ ಮೊದಲ ಚಳಿಗಾಲದ ನಡುಹಗಲಿನಲ್ಲಿ ಬೇರೆಯೇ ಆಯಿತು. ಗೋಡೆಯನ್ನು ಸವರುವ ಬೆಳಕಿಗೆ ಅರ್ಧ ಮಿಲಿಮೀಟರಿನ ಉಬ್ಬು ಕೂಡ ಬೆಟ್ಟ. ಹಳೆಯ ಮೊಳೆಯ ತೂತು ಮುಚ್ಚಿದ ಜಾಗ, ವೈರಿಗಾಗಿ ಕೊರೆದ ಕಾಲುವೆ ತುಂಬಿದ ಉದ್ದನೆಯ ಬಾಸುಂಡೆ, ಪುಟ್ಟಿಯ ಅಂಚು ಅಂಚು, ಎಲ್ಲವೂ ನೆರಳು ಚೆಲ್ಲಿಕೊಂಡು ಎದ್ದು ನಿಂತವು.

ಅದನ್ನೆಲ್ಲ ಕೆರೆದು ತೆಗೆಸಿ ಸುಣ್ಣದ ಗಾರೆ ಮಾಡಿಸಿದೆವು. ಮಟ್ಟಗೋಲು ಹಿಡಿದು ದೊಡ್ಡ ಉಬ್ಬುತಗ್ಗು ತೆಗೆಯಬೇಕು, ಆದರೆ ಕರಣೆಯ ಕೈಗುರುತನ್ನು ಪೂರ್ತಿ ಅಳಿಸಬಾರದು. ಕೆಲಸಗಾರ ಕೈ ಬೀಸಿದ ಗತಿ ಇಡೀ ಗೋಡೆಯ ಮೇಲೆ ಒಂದೇ ಸಮನಾಗಿ ಇದ್ದರೆ ಬೆಳಕು ಅದನ್ನು ಗಾಳಿಗೆ ನವಿರಾಗಿ ಅಲುಗುವ ನೀರಿನಂತೆ ತೋರಿಸುತ್ತದೆ. ಪರೀಕ್ಷೆ ಸುಲಭ: ಗಾರೆ ಹಸಿಯಾಗಿರುವಾಗಲೇ ಕೋಣೆಯನ್ನು ಕತ್ತಲೆ ಮಾಡಿ, ಕಿಂಡಿಯ ಜಾಗದಲ್ಲಿ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಉದ್ದಕ್ಕೆ ಬೆಳಕು ಬಿಡಿ. ದೋಷ ಅಲ್ಲೇ ಕಾಣುತ್ತದೆ, ಅಲ್ಲೇ ತಿದ್ದಿಸಬಹುದು. ಮೇಸ್ತ್ರಿ ಮೊದಲು ಹಿಂಜರಿದರು. ಟಾರ್ಚು ಹಚ್ಚಿ ತೋರಿಸಿದ ಮೇಲೆ "ಇನ್ನೊಂದು ಸಲ ಎಳೆಯುತ್ತೇನೆ, ಹಿಡಿದುಕೊಂಡಿರಿ ಸಾರ್" ಎಂದು ತಾವೇ ಕರಣೆ ತೆಗೆದುಕೊಂಡರು.

ಉಳಿದ ಗೋಡೆಗಳಿಗೆ ಅಚ್ಚ ಬಿಳಿ ಬೇಡ, ಮಣ್ಣಿನ ಛಾಯೆಯ ಹೊಳಪಿಲ್ಲದ ಬಣ್ಣ ಸಾಕು. ನೆಲದ ಬಗ್ಗೆ ಎಚ್ಚರ: ನುಣುಪಾದ ಟೈಲ್ಸ್ ಕಿಂಡಿಯನ್ನು ಕನ್ನಡಿಯಂತೆ ಹಿಂತಿರುಗಿಸಿ, ಮುಚ್ಚಿಟ್ಟ ಆಕಾಶವನ್ನು ಕೆಳಗಿನಿಂದ ಮತ್ತೆ ಕಣ್ಣಿಗೆ ಹೊಡೆಸುತ್ತದೆ. ನಾವು ಟೈಲ್ಸ್ ಕೀಳಲಿಲ್ಲ. ಕಿಂಡಿಯಿಂದ ಕುರ್ಚಿಯವರೆಗೆ ದೊಡ್ಡ ಜಮಖಾನ ಹಾಸಿದೆವು, ಅಷ್ಟಕ್ಕೇ ಮುಗಿಯಿತು.

ಹೆಜ್ಜೆ 7: ಗಾಜು, ಮಳೆ, ಗಾಳಿ

ಗಾಜನ್ನು ಗೋಡೆಯ ಹೊರಮೈಗೆ ತಳ್ಳಿ ಕೂರಿಸಿ. ಅದರ ಚೌಕಟ್ಟು ಗಾರೆಯೊಳಗೆ ಹೂತುಹೋಗಲಿ. ಒಳಗಿನಿಂದ ಅಲ್ಯೂಮಿನಿಯಂ ಪಟ್ಟಿ ಕಂಡರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂಗಾರು ನೈಋತ್ಯದಿಂದ ಬೀಸುವುದರಿಂದ ದಕ್ಷಿಣದ ಗೋಡೆ ಚೆನ್ನಾಗಿ ನೆನೆಯುತ್ತದೆ, ಗಾಜಿನ ತಳಕ್ಕೆ ಹೊರಗಡೆ ಇಳಿಜಾರು ಕೊಡಲೇಬೇಕು. ಮೇಲೆ ನಾವು ಅರ್ಧ ಅಡಿಯ ಸಜ್ಜಾ ಮಾತ್ರ ಬಿಟ್ಟೆವು. ಎರಡು ಅಡಿ ಚಾಚಿದ್ದರೆ ಡಿಸೆಂಬರಿನ ನಡುಹಗಲಿನಲ್ಲಿ ಕಿಂಡಿಯ ಮೇಲಿನ ಸುಮಾರು ಎರಡೂಮುಕ್ಕಾಲು ಅಡಿ ನೆರಳಿನಲ್ಲಿರುತ್ತಿತ್ತು.

ಪಶ್ಚಿಮದ ದೊಡ್ಡ ಕಿಟಕಿಯನ್ನು ಮುಚ್ಚಿಬಿಡಲಿಲ್ಲ, ಗಾಳಿ ಅಲ್ಲಿಂದಲೇ ಬರಬೇಕು. ಸೊಳ್ಳೆಪರದೆಯ ಹಿಂದೆ ಮರದ ಕದ ಹಾಕಿಸಿದೆವು. ಹಗಲೆಲ್ಲ ಮುಚ್ಚಿರುತ್ತದೆ, ಸೂರ್ಯ ಮುಳುಗಿದ ಮೇಲೆ ತೆರೆಯುತ್ತೇವೆ. ಅಲ್ಲಿ ಟೆರಾಕೋಟ ಜಾಲಿ ಕೂರಿಸಿ ಎಂದು ಕೆಲವರು ಹೇಳಿದರು. ಜಾಲಿಯ ಆಟ ನನಗೂ ಇಷ್ಟ. ಸೂರ್ಯನ ಬಿಂಬ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ ನೆರಳಿನ ಅಂಚು ದೂರ ಹೋದಂತೆ ಮಸುಕಾಗುತ್ತದೆ, ಮೂರು ಮೀಟರ್ ದೂರದಲ್ಲಿ ಆ ಮಸುಕು ಮೂರು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಹಾಗಾಗಿ ಒಂದು ಸೆಂಟಿಮೀಟರಿನ ಚೌಕ ತೂತೂ ಎದುರು ಗೋಡೆಯ ಮೇಲೆ ದುಂಡಗಿನ ಬಿಸಿಲಿನ ಬೊಟ್ಟಾಗುತ್ತದೆ. ಆ ಬೊಟ್ಟುಗಳು ನಿಮಿಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಸರಿಯುತ್ತವೆ, ನೋಡುತ್ತಿದ್ದಂತೆಯೇ! ಆದರೆ ಅವು ನಮ್ಮ ಪೂರ್ವದ ಗೋಡೆಯ ಮೇಲೆಯೇ ಬಂದು ಬೀಳುತ್ತಿದ್ದವು. ಒಂದು ಗೋಡೆಗೆ ಎರಡು ಬೆಳಕಿನ ಕತೆ ಆಗದು. ಮೊಗಸಾಲೆಗೆ, ಓಣಿಯಂಥ ಹಾದಿಗೆ ಜಾಲಿ ಬಳಸಿ.

ಹೆಜ್ಜೆ 8: ಕೂತು ಸರಿಪಡಿಸುವುದು

ಕೆಲಸ ಮುಗಿದ ವರ್ಷ ಡಿಸೆಂಬರಿನ ಕೊನೆಯ ವಾರ ಗಡಿಯಾರ ಹಿಡಿದು ಕುಳಿತೆ. ಮೈಸೂರಿನಲ್ಲಿ ಆಗ ಸೂರ್ಯ ನೇರ ದಕ್ಷಿಣಕ್ಕೆ ಬರುವುದು ಹನ್ನೆರಡಕ್ಕಲ್ಲ, 12.25ರ ಸುಮಾರಿಗೆ. ಆ ಹೊತ್ತಿಗೆ ಬಿಸಿಲು ಗೋಡೆಗೆ ಸಮಾನಾಂತರವಾಗಿ ಹಾದು ಜಮಖಾನದ ಮೇಲೆ ಸುಮಾರು ಐದು ಅಡಿ ಉದ್ದದ ಪಟ್ಟಿಯಾಗಿತ್ತು. ಗೋಡೆ ಇನ್ನೂ ಮುಟ್ಟಿದಂತಿರಲಿಲ್ಲ. ಆಮೇಲೆ ಅದು ಗೋಡೆಗೆ ಒರಗಿತು. ಒಂದು ಗಂಟೆಗೆ ಗೋಡೆಯ ಮೇಲಿನ ಬಿಸಿಲು ಎರಡು ಮೊಳ ಅಗಲ, ಅದರ ಅಂಚು ಓರೆಯಾಗಿ ಕೆಳಗಿಳಿದಿತ್ತು. ಎರಡು ಗಂಟೆಗೆ ಒಂದೇ ಗೇಣು. ಅಮ್ಮ ಊಟ ಮುಗಿಸಿ ಮೇಲೆ ಬಂದು ಏನೂ ಕೇಳದೆ ಚಾಪೆಯ ಮೇಲೆ ಕುಳಿತರು. ಬಿಸಿಲು ಗೇಣಿನಿಂದ ಬೆರಳಗಲಕ್ಕೆ ಇಳಿಯುವವರೆಗೂ ಏಳಲಿಲ್ಲ.

ಓದಲು ಮಾತ್ರ ಈ ಬೆಳಕು ಸಾಲದಾಗುತ್ತದೆ. ಪುಟದ ಮೇಲೆ 300 ಲಕ್ಸ್ ಆದರೂ ಬೇಕು, ವಯಸ್ಸಾದ ಕಣ್ಣಿಗೆ ಇನ್ನೂ ಹೆಚ್ಚು. ಕಿಂಡಿಯಿಂದ ಆರು ಅಡಿ ದೂರದಲ್ಲಿ ನಮಗೆ ಅಷ್ಟು ಸಿಗಲಿಲ್ಲ. ಅಪ್ಪನ ಕುರ್ಚಿಯನ್ನು ಬೆಳಗಿದ ಗೋಡೆಗೆ ಮೂರು ಅಡಿ ಹತ್ತಿರಕ್ಕೆ ತಂದು, ಬೆನ್ನನ್ನು ದಕ್ಷಿಣಕ್ಕೆ ಮಾಡಿದೆವೆಂದುಕೊಳ್ಳಿ: ಪೂರ್ವದ ಗೋಡೆ ಆಗ ಬಲಕ್ಕೆ ಬರುತ್ತದೆ, ಬಲಗೈಯ ನೆರಳು ಬರೆಯುವ ಹಾಳೆಯ ಮೇಲೆ ಬೀಳುತ್ತದೆ. ಅದಕ್ಕೇ ಕುರ್ಚಿಯನ್ನು ದಕ್ಷಿಣದ ಗೋಡೆಯತ್ತ ಮುಖ ಮಾಡಿ ಇಟ್ಟೆವು. ಗೋಡೆ ಎಡಕ್ಕೆ ಬಂತು. ಅಲ್ಲಿಂದ ಕಿಂಡಿ ಓರೆಗಣ್ಣಿಗೆ ಸ್ವಲ್ಪ ಕಾಣುತ್ತದೆ, ಆದರೆ ಪುಸ್ತಕದತ್ತ ಬಾಗಿದ ಕಣ್ಣಿಗೆ ಅದು ತೊಂದರೆ ಕೊಡುವುದಿಲ್ಲ. ಬಿಸಿಲು ಬೀಳುವ ಒಂದೆರಡು ಗಂಟೆ ಮಾತ್ರ ಕುರ್ಚಿಯನ್ನು ಹಿಂದಕ್ಕೆ ಸರಿಸಬೇಕು, ಬಿಸಿಲು ಬಿದ್ದ ಬಿಳಿಹಾಳೆಯನ್ನು ಯಾರಿಂದಲೂ ಓದಲಾಗುವುದಿಲ್ಲ.

ರಾತ್ರಿಗೆ ಟ್ಯೂಬ್‌ಲೈಟ್ ತೆಗೆದು, ಕಿಂಡಿಯ ತಳದ ಮೂಲೆಯಲ್ಲಿ ಹಳದಿ ಬೆಳಕಿನ ಒಂದು ಬಲ್ಬನ್ನು ಸಣ್ಣ ಮರದ ಹಲಗೆಯ ಮರೆಯಲ್ಲಿ ಇಟ್ಟಿದ್ದೇವೆ. ಬೆಳಕು ಹಗಲಿನಂತೆ ಅದೇ ಗೋಡೆಯನ್ನು ಸವರುತ್ತದೆ, ಈಗ ಕೆಳಗಿನಿಂದ ಮೇಲಕ್ಕೆ. ಪ್ರತಿ ವರ್ಷ ದೀಪಾವಳಿಗೆ ಮೊದಲು ಆ ಗೋಡೆಗೆ ಮಾತ್ರ ಒಂದು ಕೈ ಸುಣ್ಣ ಬಳಿಸುತ್ತೇವೆ, ಏಕೆಂದರೆ ಅಲ್ಲಿಂದ ಮುಂದಕ್ಕೆ ನಡುಹಗಲಿನ ಬಿಸಿಲು ದಿನದಿನಕ್ಕೆ ಇನ್ನಷ್ಟು ಒಳಗೆ ಬರತೊಡಗುತ್ತದೆ.